ಜೋಳದ ಡ್ರಮ್ಮಿನ ಹಿಂದೆ ಬಿದ್ದ ಗೆರೆ

ಬಸವನ ಬಾಗೇವಾಡಿಯ ನಮ್ಮಣ್ಣನ ಮನೆಯಲ್ಲಿ ಪಡಸಾಲೆಯಿಂದ ಅಡುಗೆಮನೆಗೆ ಹೋಗುವವರು ಒಂದು ವರ್ಷ ಬಗ್ಗಿಕೊಂಡೇ ಹೋದರು. ಬಾಗಿಲು ಚಿಕ್ಕದಿತ್ತು ಎಂದಲ್ಲ. ಬಾಗಿಲಿಗೆ ಅಡ್ಡಲಾಗಿ, ನೆಲದಿಂದ ನಾಲ್ಕಡಿ ಎತ್ತರದಲ್ಲಿ, ಒಂದು ಕೆಂಪು ದಾರ ಕಟ್ಟಿತ್ತು. ದಾರವನ್ನು ಯಾರೂ ಮುಟ್ಟುವಂತಿರಲಿಲ್ಲ. ಬಂದ ಬೀಗರು ಬಗ್ಗಿದರು, ಗ್ಯಾಸಿನ ಸಿಲಿಂಡರ್ ಹೊತ್ತು ತಂದವನು ಸಿಲಿಂಡರ್ ಸಮೇತ ಬಗ್ಗಿದ, ಸ್ವಾಮಿಗಳು ಪಾದಪೂಜೆಗೆ ಬಂದಾಗ ಅವರನ್ನೂ ಬಗ್ಗಿಸಿದೆವು. ಯಾಕೆಂದು ಕೇಳಿದವರಿಗೆ ನಮ್ಮಣ್ಣ ಹೇಳುತ್ತಿದ್ದುದು ಇಷ್ಟೇ: "ಕಂಪನಿ ಹೋಗಾಕತ್ತೈತ್ರಿ, ಹಾದಿ ಬಿಡ್ರಿ."

ಇದಕ್ಕೆಲ್ಲ ಮೂಲ ಕಾರಣ ನಾನೇ. ಈಗ ಒಪ್ಪಿಕೊಂಡುಬಿಡುತ್ತೇನೆ. ನಾನು ಇಂಡಿ ಪಟ್ಟಣದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ಹುಡುಗಿಯರು ಹೇಳುತ್ತಾರೆ, ಹೇಳಲಿ. ನಮ್ಮಣ್ಣ ಚಿತ್ರಕಲಾ ಮಾಸ್ತರ. ಮುದ್ದೇಬಿಹಾಳ, ಸಿಂದಗಿ ಎಂದು ಸಾಲಿಯಿಂದ ಸಾಲಿಗೆ ಅಲೆದು, ಕೊನೆಗೆ ಬಾಗೇವಾಡಿಯಲ್ಲಿ ನಿವೃತ್ತನಾದ. ಅವ್ವ ಅವನ ಹತ್ತಿರವೇ ಇದ್ದಾಳೆ. ಅವ್ವನ ಹೆಸರಿನಲ್ಲಿ ಮನೆಯಿಲ್ಲ, ಹೊಲವಿಲ್ಲ, ಒಂದು ಬ್ಯಾಂಕಿನ ಪುಸ್ತಕ ಕೂಡ ಅಪ್ಪನ ಹೆಸರಿನ ಹಿಂದೆ ಜೋಡಿ ಹೆಸರಾಗಿತ್ತು. ಅವಳದೇ ಎಂದು ಇದ್ದದ್ದು ಒಂದೇ, ಒಂದು ಪಂಪಿನ ಕಂಪನಿಯ ಇನ್ನೂರು ಶೇರು.

ಅವು ಬಂದ ರೀತಿಯೂ ಹೇಳಬೇಕು. ನಮ್ಮಪ್ಪ ಸುಟ್ಟ ಮೋಟಾರುಗಳಿಗೆ ಮತ್ತೆ ತಂತಿ ಸುತ್ತಿ ಕೊಡುವ ಅಂಗಡಿ ಇಟ್ಟಿದ್ದ. ತಾಂಬಾದಿಂದ, ಇಂಗಳೇಶ್ವರದಿಂದ ರೈತರು ಮೋಟಾರು ಹೊತ್ತು ತರುತ್ತಿದ್ದರು. ಒಂದು ಕಂಪನಿಯ ಮೋಟಾರು ಮಾತ್ರ ವರ್ಷಕ್ಕೊಮ್ಮೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಪ್ಪ ಆ ಕಂಪನಿಯನ್ನು ಮೊದಲು ಬೈದ, ಆಮೇಲೆ ಮೆಚ್ಚಿದ. "ಇದು ನನಗ ಗಿರಾಕಿ ಆಗಂಗಿಲ್ಲ, ನಾನ ಇದಕ್ಕ ಮಾಲಕ ಆಗೂದು ಚಲೋ" ಎಂದು ಅವ್ವನ ಹೆಸರಿನಲ್ಲಿ ಇನ್ನೂರು ಶೇರು ತೆಗೆದುಕೊಂಡ. ಮಾಲಕಿಯಾದದ್ದು ಅವ್ವ. ಅಪ್ಪ ಹೋದಮೇಲೂ ಅವಳು ಆ ಗತ್ತು ಬಿಡಲಿಲ್ಲ. ರಸ್ತೆಯಲ್ಲಿ ಟ್ರ್ಯಾಕ್ಟರಿನಲ್ಲಿ ಆ ಪಂಪು ಹೋದರೆ ಸಾಕು, ಕಟ್ಟೆಯ ಮೇಲಿನ ಹೆಂಗಸರಿಗೆಲ್ಲ ಕೇಳುವಂತೆ "ನಮ್ಮ ಕಂಪನೀದು" ಎನ್ನುತ್ತಿದ್ದಳು.

ಅಣ್ಣ ನಿವೃತ್ತನಾದ ಹೊಸದರಲ್ಲಿ ಒಂದು ರವಿವಾರ ನನ್ನನ್ನು ಕೂರಿಸಿಕೊಂಡು ಕೇಳಿದ: "ತಂಗೀ, ಅಪ್ಪನ ಕಂಪನಿ ಖರೇನ ಚಲೋ ಐತೋ, ಇಲ್ಲಾ ಎಲ್ಲಾ ಶೇರು ಏರ್‍ಯಾವಂತ ಇದೂ ಏರೈತೋ?"

ಲೆಕ್ಕದ ಗಂಧವಿಲ್ಲದವನು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದ. ನನಗೆ ಖುಷಿಯಾಯಿತು. "ಒಬ್ಬಾಕಿ ಹುಡುಗಿ ಅರವತ್ತು ಮಾರ್ಕ್ಸ್ ತಗೊಂಡ್ಳು. ಚಲೋನೋ ಕೆಟ್ಟದ್ದೋ?" ಎಂದೆ.

"ಉಳದವರು ಎಷ್ಟು ತಗೊಂಡಾರ?"

"ಅಷ್ಟ ನೋಡು. ಆಕಿ ಮಾರ್ಕ್ಸನ್ನ ಇಡೀ ಕ್ಲಾಸಿನ ಸರಾಸರಿಯಿಂದ ಭಾಗಿಸು. ಶೇರಿಗೂ ಹಂಗ. ಶೇರಿನ ಬೆಲಿ ಮ್ಯಾಲ, ಇಡೀ ಪ್ಯಾಟಿ ಸೂಚ್ಯಂಕ ಕೆಳಗ. ದಿನಾ ಭಾಗಿಸಿ, ಬಂದದ್ದನ್ನ ಗೆರಿಯಾಗಿ ಬರೀ. ಗೆರಿ ಏರಿದ್ರ ನಮ್ಮ ಶೇರು ಪ್ಯಾಟಿಗಿಂತ ಮುಂದ ಐತಿ. ಇಳದ್ರ ಹಿಂದ ಬಿದ್ದೈತಿ. ಅಂಕಿ ಎಷ್ಟ ಬಂತು ಅಂತ ತಲಿ ಕೆಡಿಸಿಕೊಬ್ಯಾಡ, ಗೆರಿ ಯಾ ಕಡೆ ಹೊಂಟೈತಿ ಅದನ್ನ ನೋಡು."

ಒಂದು ಹಾಳೆಯ ಮೇಲೆ ಬರೆದು ತೋರಿಸಿದೆ. ಶೇರಿನ ಬೆಲೆ ಸಾವಿರದ ಇನ್ನೂರು, ಸೂಚ್ಯಂಕ ಇಪ್ಪತ್ನಾಲ್ಕು ಸಾವಿರ. ಭಾಗಿಸಿದರೆ ಸೊನ್ನೆ ಬಿಂದು ಸೊನ್ನೆ ಐದು. ಸಣ್ಣ ಅಂಕಿ ಬೇಡವೆಂದರೆ ಸಾವಿರದಿಂದ ಗುಣಿಸು, ಐವತ್ತು. ಇಷ್ಟು ಹೇಳಿ ಊಟ ಮಾಡಿ ಇಂಡಿಯ ಬಸ್ಸು ಹತ್ತಿದೆ. ಮುಂದಿನ ಸಲ ಬಂದಾಗ ಪಡಸಾಲೆಯ ಗೋಡೆಯ ಮೇಲೆ ಕೆಂಪು ಗೆರೆ ಶುರುವಾಗಿತ್ತು.

ಗ್ರಾಫ್ ಹಾಳೆ ಸಾಲುವುದಿಲ್ಲವಂತೆ. ನೆಲವೇ ಸೊನ್ನೆ, ಒಂದು ಅಂಕಕ್ಕೆ ಒಂದು ಇಂಚು ಎತ್ತರ, ಪೇಟೆ ನಡೆದ ಒಂದು ದಿನಕ್ಕೆ ಒಂದು ಇಂಚು ಮುಂದಕ್ಕೆ. ಐವತ್ತು ಎಂದರೆ ನೆಲದಿಂದ ಐವತ್ತು ಇಂಚು, ಕುರ್ಚಿಯಲ್ಲಿ ಕೂತವರ ನೆತ್ತಿಗಿಂತ ಒಂದಿಷ್ಟು ಮೇಲೆ. ವರ್ಷಕ್ಕೆ ಇಪ್ಪತ್ತು ಅಡಿ ದಾಟುತ್ತದೆ. ಅದೂ ಎಂಥ ಗೆರೆ! ಮೂವತ್ತು ವರ್ಷ ಹುಡುಗರ ಬೆರಳು ಹಿಡಿದು ತಿದ್ದಿದ ಕೈ. ಬಿಂದುವಿಗೆ ಪೆನ್ಸಿಲು, ಗೆರೆಗೆ ಕುಂಚ. ನೋಡಿ ನಾನು ಬೆಪ್ಪಾದೆ.

ಅಣ್ಣನ ಹೆಂಡತಿ, ನಮ್ಮ ವೈನಿ, ಮಾತ್ರ ಬೆಪ್ಪಾಗಲಿಲ್ಲ. "ಹುಚ್ಚು ಬಿಡೂತನಾ ಲಗ್ನ ಆಗಂಗಿಲ್ಲ, ಲಗ್ನ ಆಗೂತನಾ ಹುಚ್ಚು ಬಿಡಂಗಿಲ್ಲ ಅಂತಾರ. ಇವರದು ಲಗ್ನ ಆದಮ್ಯಾಲೂ ಬಿಡಲಿಲ್ಲ ನೋಡ್ರಿ" ಎಂದಳು. ಕ್ಯಾಲೆಂಡರ್ ಹಾಕಲು ಜಾಗವಿಲ್ಲ ಎಂಬುದು ಅವಳ ತಕರಾರು. ಅಣ್ಣ ಕ್ಯಾಲೆಂಡರನ್ನು ಬಚ್ಚಲ ಬಾಗಿಲಿಗೆ ಹಾಕಿಕೊಟ್ಟ. ಏಕಾದಶಿ ಯಾವಾಗ ಎಂಬುದನ್ನು ನೋಡಲು ಆ ಮನೆಯವರು ಬಚ್ಚಲಿಗೆ ಹೋಗಬೇಕಾಯಿತು.

ಒಮ್ಮೆ ಮುದ್ದೇಬಿಹಾಳದಿಂದ ವೈನಿಯ ತಮ್ಮ ಬಂದು, ತಲೆಗೆ ಎಣ್ಣೆ ಹಚ್ಚಿಕೊಂಡು ಕುರ್ಚಿಯ ಮೇಲೆ ಗೋಡೆಗೆ ಒರಗಿ ಕೂತ. ಎದ್ದಾಗ ಮೂರು ವಾರದ ಗೆರೆ ಅವನ ತಲೆಯಲ್ಲಿತ್ತು. ಅಣ್ಣ ಹಳೆಯ ಅಂಕಿಗಳ ವಹಿ ತಂದು, ಹದಿನೈದೂ ಬಿಂದು ಮತ್ತೆ ಇಟ್ಟು ಗೆರೆ ಎಳೆದು ಮುಗಿಸುವವರೆಗೆ ಅವನನ್ನು ಊರಿಗೆ ಬಿಡಲಿಲ್ಲ. ಬಸ್ಸು ತಪ್ಪಿ ಅವನು ಅಲ್ಲೇ ಉಳಿದ. ಆಮೇಲೆ ಅಕ್ಕನ ಮನೆಗೆ ಬಂದರೆ ನಿಂತೇ ಚಹಾ ಕುಡಿಯುತ್ತಿದ್ದ.

ಗೆರೆ ಬೆಳೆದಂತೆ ಅಣ್ಣನಿಗೆ ಕಂಡದ್ದನ್ನೆಲ್ಲ ಭಾಗಿಸುವ ಚಟ ಹತ್ತಿತು. ಕಟ್ಟೆಯ ಮೇಲೆ ಕೂರುವ ಮುದುಕಿಯರು ಗುಡಿಗೆ ಹೋಗಲು ತೆಗೆದುಕೊಳ್ಳುವ ಹೊತ್ತನ್ನು ಗಡಿಯಾರ ಹಿಡಿದು ಬರೆದುಕೊಂಡು, ಅವರ ಸರಾಸರಿ ತೆಗೆದು, ಅವ್ವನ ನಡಿಗೆಯನ್ನು ಅದರ ಜೊತೆ ಹೋಲಿಸಿದ. ಅವ್ವನ ಮೊಣಕಾಲು ಆ ವರ್ಷ ಮೊದಲಿಗಿಂತ ನೋಯುತ್ತಿತ್ತು, ನಡಿಗೆಯೂ ನಿಧಾನವಾಗಿತ್ತು. ಆದರೆ ಉಳಿದ ಮುದುಕಿಯರ ಗತಿ ಇನ್ನೂ ಕೆಟ್ಟಿತ್ತು. "ಅವ್ವಾ, ನಿಂದು ಗೆರಿ ಏರಾಕತ್ತೈತಿ. ನೀ ಎಲ್ಲಾರಗಿಂತ ಮುಂದ ಇದ್ದಿ" ಎಂದು ಹೇಳಿ ಅವಳ ಪಾದ ಮುಟ್ಟಿದ.

"ಮುಂದರ ಇರಲಿ, ಹಿಂದರ ಇರಲಿ, ಮೊಣಕಾಲಿಗೆ ಎಣ್ಣಿ ಹಚ್ಚೋ ಯಪ್ಪಾ" ಎಂದಳು ಅವ್ವ.

ಇದೇ ಮಾತು ಶೇರಿಗೂ ಬಂತು. ಗೆರೆ ಪಡಸಾಲೆ ಮುಗಿಸಿ ಅಡುಗೆಮನೆಯ ಬಾಗಿಲಿಗೆ ಬಂದಿತ್ತು. ಗೋಡೆ ಇಲ್ಲದ ಕಡೆ ಗೆರೆ ಎಳೆಯುವುದು ಹೇಗೆ? ಅಣ್ಣ ಒಂದು ಚೌಕಟ್ಟಿನಿಂದ ದಾರ ಹಿಡಿದು, ದಿನಾ ಒಂದು ಇಂಚು ಮುಂದಕ್ಕೆ ಕಡ್ಡಿ ಕಟ್ಟಿ, ಮೂವತ್ತಾರು ದಿನಕ್ಕೆ ಇನ್ನೊಂದು ಚೌಕಟ್ಟು ಮುಟ್ಟಿಸಿದ. ಆ ಕೊನೆಯ ವಾರ ಪೇಟೆ ದಬಕ್ಕನೆ ಬಿತ್ತು. ನಮ್ಮ ಶೇರು ಸಾವಿರದ ಇನ್ನೂರರಿಂದ ಸಾವಿರದ ನೂರಾ ನಲವತ್ತಕ್ಕೆ ಬಂತು. ಸೂಚ್ಯಂಕ ಇಪ್ಪತ್ನಾಲ್ಕು ಸಾವಿರದಿಂದ ಇಪ್ಪತ್ತೊಂದು ಸಾವಿರದ ಆರುನೂರಕ್ಕೆ ಹೋಯಿತು. ಭಾಗಿಸಿದರೆ ಐವತ್ತು ಇದ್ದದ್ದು ಐವತ್ತೆರಡೂ ಮುಕ್ಕಾಲಾಗಿತ್ತು. ಶೇರು ಇಳಿದಿತ್ತು, ಗೆರೆ ಏರಿತ್ತು. ಅಣ್ಣ ಓಣಿಗೆಲ್ಲ ಪೇಡೆ ಹಂಚಿದ.

"ರೊಕ್ಕ ಕಡಿಮಿ ಆಗೈತಿ ಅಂತೀರಿ, ಪೇಡೆ ಹಂಚತೀರಿ. ಇದ್ಯಾವ ಸಂಭ್ರಮ?" ಎಂದಳು ಅವ್ವ.

ನಾನು ತಿಳಿಸಿ ಹೇಳಿದೆ. ಪೇಟೆಯೆಲ್ಲ ಮುಗ್ಗರಿಸಿದಾಗ ಕಡಿಮೆ ಮುಗ್ಗರಿಸಿದ್ದೇ ಮುಂದಾಳು. ನಾಳೆ ಪೇಟೆ ಎದ್ದರೆ ಅದೇ ಮೊದಲು ಎದ್ದು ನಿಲ್ಲುವ ಸಂಭವ ಹೆಚ್ಚು, ಖಾತ್ರಿಯೇನಲ್ಲ. ಹಾಗೆಂದು ಗೆರೆ ಏರಿದರೆ ಲಾಭವೆಂದು ಅರ್ಥವಲ್ಲ, ಪೇಟೆಗಿಂತ ಬಲವಾಗಿದೆ ಎಂದಷ್ಟೇ. ಅವ್ವ ಪೇಡೆ ತಿನ್ನುತ್ತ ಕೇಳಿದಳು. ಆ ದಿನದಿಂದ ಅವಳು ಬಾಗಿಲಿನ ಬಲಗಡೆಯಿಂದಲೇ ಹಾಯುತ್ತಿದ್ದಳು. ಅಲ್ಲಿ ದಾರ ಮೇಲಿತ್ತು, ಬಗ್ಗುವುದು ಕಡಿಮೆ. ಕಂಪನಿ ಬಲವಾದದ್ದರಿಂದ ಮೈಗೆ ಸಿಕ್ಕ ಸುಖ ಅದೊಂದೇ.

ಆಗಲೇ ಅಣ್ಣ ಗೋಡೆಯ ಮೇಲೆ ಒಂದು ನಿಯಮ ಬರೆದ. "ಗೆರೆ ತನ್ನ ಹಿಂದಿನ ತಗ್ಗಿಗಿಂತ ಕೆಳಗೆ ಬಿದ್ದರೆ ಮಾರತಕ್ಕದ್ದು." ಹಿಂದಿನ ತಗ್ಗು ನಲವತ್ತಾರು, ಪಡಸಾಲೆಯ ಕಪಾಟಿನ ಪಕ್ಕ. ನಿಯಮದಲ್ಲಿ ತಪ್ಪಿರಲಿಲ್ಲ, ಹಿಂದೆ ಬಿದ್ದದ್ದನ್ನು ಕಟ್ಟಿಕೊಂಡು ಕೂರಬಾರದು ಎಂದು ನಾನೇ ಹೇಳಿದ್ದೆ. ಅಣ್ಣ ಸಹಿ ಮಾಡಿದ, ನಾನು ಮಾಡಿದೆ, ಅವ್ವನ ಕೈಗೆ ಕುಂಚ ಕೊಟ್ಟೆವು. "ಬೀಳೂದಿಲ್ಲ ಬಿಡ್ರಿ" ಎಂದು ಅವಳೂ ಮಾಡಿದಳು.

ಗೆರೆ ಅಡುಗೆಮನೆ ಹೊಕ್ಕಿತು. ಸಿಂಕಿನ ಮೇಲೆ, ಸಾಂಬಾರ ಡಬ್ಬಿಗಳ ಮೇಲೆ ಹಾದು, ವೈನಿ ಒಲೆ ಇಟ್ಟಿದ್ದ ಮೂಲೆಗೆ ಬರುವ ಹೊತ್ತಿಗೆ ಅರವತ್ತು ಇಂಚು ಮುಟ್ಟಿತ್ತು. ಶೇರು ಸಾವಿರದ ಐನೂರು, ಸೂಚ್ಯಂಕ ಇಪ್ಪತ್ತೈದು ಸಾವಿರ. ಅವ್ವ ಗೋಡೆಗೆ ಬೆನ್ನು ಹಚ್ಚಿ ನಿಂತರೆ ಗೆರೆ ಅವಳ ನೆತ್ತಿಗೆ ಸರಿಯಾಗಿ ತಾಕುತ್ತಿತ್ತು. "ನನ್ನಷ್ಟ ಎತ್ತರ ಬೆಳದೈತಿ" ಎಂದು ಕಟ್ಟೆಯ ಹೆಂಗಸರನ್ನು ಕರೆದು ತೋರಿಸಿದಳು. ಆ ಮುದುಕಿಯರು ಒಬ್ಬೊಬ್ಬರಾಗಿ ಗೋಡೆಗೆ ನಿಂತು ತಾವು ಕಂಪನಿಗಿಂತ ಎಷ್ಟು ಗಿಡ್ಡ ಎಂದು ನೋಡಿಕೊಂಡರು.

ಅದು ಬೇಸಿಗೆಯ ರಜೆ. ನಾನು ಬಾಗೇವಾಡಿಯಲ್ಲೇ ಇದ್ದೆ. ಅಣ್ಣ ಬೆಲೆಯನ್ನು ಮೊಬೈಲಿನಲ್ಲಿ ನೋಡುತ್ತಿರಲಿಲ್ಲ. "ಅಲ್ಲಿ ಕುಣೀತಿರತೈತಿ. ಪೇಪರಿನ್ಯಾಗ ಅಚ್ಚಾದ ಮ್ಯಾಲ ಅದಕ್ಕ ಬುದ್ಧಿ ಬರತೈತಿ" ಎನ್ನುತ್ತಿದ್ದ. ಆ ದಿನ ಬೆಳಿಗ್ಗೆ ಪೇಪರು ಬಂತು. ಅಣ್ಣ ಹಿಂದಿನ ದಿನದ ಬೆಲೆ ನೋಡಿದ, ಭಾಗಿಸಿದ, ಮತ್ತೆ ಭಾಗಿಸಿದ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಭಾಗಿಸಿದ.

"ತಂಗೀ, ಏಳುನೂರಾ ಐವತ್ತು ಅಂತ ಐತಿ."

"ಏನು?"

"ಮೊನ್ನಿ ಸಾವಿರದ ಐನೂರು ಇತ್ತು. ನಿನ್ನೆ ಏಳುನೂರಾ ಐವತ್ತು. ಸೂಚ್ಯಂಕ ಇದ್ದಲ್ಲೇ ಐತಿ."

ಅಚ್ಚಿನ ತಪ್ಪು ಎಂದುಕೊಂಡೆ. ಅವ್ವನ ಮೊಬೈಲು ತೆಗೆದು ನೋಡಿದೆ, ಅದರಲ್ಲೂ ಅಷ್ಟೇ ಇತ್ತು. ಇಪ್ಪತ್ತೈದು ಸಾವಿರಕ್ಕೆ ಏಳುನೂರಾ ಐವತ್ತು, ಅಂದರೆ ಮೂವತ್ತು. ಅರವತ್ತು ಇಂಚಿನಿಂದ ಮೂವತ್ತು ಇಂಚಿಗೆ, ಒಂದೇ ದಿನಕ್ಕೆ.

ಅಣ್ಣ ಕುಂಚ ತೆಗೆದುಕೊಂಡು ಅಡುಗೆಮನೆಗೆ ನಡೆದ. ವೈನಿ ರೊಟ್ಟಿ ಬಡಿಯುತ್ತಿದ್ದಳು. ಮೂವತ್ತು ಇಂಚು ಸರಿಯಾಗಿ ಜೋಳದ ಡ್ರಮ್ಮಿನ ಹಿಂದೆ ಬರುತ್ತಿತ್ತು.

"ಡ್ರಮ್ ಸರಿಸು" ಎಂದ ಅಣ್ಣ.

"ಕೈಯಾಗ ಹಿಟ್ಟೈತಿ. ನಿಮ್ಮ ಕಂಪನಿಗಿ ಒಂದ್ ತಾಸು ನಿಂದ್ರು ಅಂತ ಹೇಳ್ರಿ."

"ಬೀಳೂದು ನಿಂದರತೈತೇನು? ಸರಿಸು!"

ನಾನು, ಅಣ್ಣ ಇಬ್ಬರೂ ಸೇರಿ ತುಂಬಿದ ಡ್ರಮ್ಮನ್ನು ತಳ್ಳಿದೆವು. ಅದು ಕಿರ್ರೋ ಎಂದು ಸರಿಯಿತು. ಅಣ್ಣ ಮಂಡಿಯೂರಿ ಕೂತು, ನೆತ್ತಿಯ ಎತ್ತರದಿಂದ ಸೊಂಟದವರೆಗೆ ನೇರ ಗೆರೆ ಎಳೆದ. ಕಣ್ಣಲ್ಲಿ ನೀರಿತ್ತು, ಗೆರೆ ಮಾತ್ರ ಸೊಟ್ಟಾಗಲಿಲ್ಲ. ರೊಟ್ಟಿ ಹಂಚಿನ ಮೇಲೆ ಸುಟ್ಟು ಕರಕಲಾಯಿತು.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಒಂದ ದಿನಕ್ಕ ಅರ್ಧ ಆಗೈತಿ ಅಂದ್ರ ಏನೋ ಬ್ಯಾರೆ ನಡದೈತಿ. ಯಾರನ್ನರ ಕೇಳ್ರಿ. ಫ್ಯಾಕ್ಟ್ರಿ ಸುಟ್ಟಿದ್ರ ಮಂದಿ ಮಾತಾಡ್ತಿದ್ರು. ಬಸ್‌ಸ್ಟ್ಯಾಂಡಿನ ಮ್ಯಾಲಿನ ಆಫೀಸಿನ್ಯಾಗ ಆ ಶೇರಿನಾವ ಅದಾನಲ್ಲ, ಅವನ್ನ ಕೇಳ್ರಿ."

ಇದನ್ನು ಬರೆಯುವಾಗ ನನ್ನ ಕೈ ನಾನೇ ಹಿಡಿದುಕೊಳ್ಳಬೇಕೆನಿಸುತ್ತದೆ. ನಾನು ಅಂದದ್ದು: "ಗೆರಿ ಯಾಕ ಬಿತ್ತು ಅಂತ ಕೇಳಬಾರದವ್ವ. ಬಿತ್ತೋ ಇಲ್ಲೋ, ಅಷ್ಟ. ಕಾರಣ ಹುಡಕಾಕ ಹೋದವರು ಎಲ್ಲಾ ಕಳಕೊಂಡಾರ. ನಿಯಮ ನಿಯಮ. ನೀನೂ ಸಹಿ ಮಾಡೀದಿ." ಹತ್ತನೇ ಕ್ಲಾಸಿನ ಹುಡುಗಿಗೆ ಹೇಳಿದಂತೆ ಹೇಳಿದೆ. ಎಪ್ಪತ್ತೆಂಟು ವರ್ಷದ ನನ್ನವ್ವನಿಗೆ.

ಪೇಟೆ ತೆರೆದ ಕೂಡಲೇ ಮೊಬೈಲಿನಲ್ಲಿ ಇನ್ನೂರೂ ಮಾರಲು ಹಾಕಿದೆ. ಬೆಲೆಯ ಪಕ್ಕದಲ್ಲಿ ಶೇರು ಅರ್ಧಕ್ಕೆ ಕುಸಿದ ಗಾಬರಿಯ ಗುರುತೇ ಇರಲಿಲ್ಲ, ಅಲ್ಪಸ್ವಲ್ಪ ಇಳಿದದ್ದಷ್ಟೇ ಕಾಣುತ್ತಿತ್ತು. ನಾನು ಅದನ್ನೂ ನೋಡಿದೆ, ಯೋಚಿಸಲಿಲ್ಲ. ಮಾರಾಟಕ್ಕೆ ಒಪ್ಪಿಗೆಯ ಓಟಿಪಿ ಅವ್ವನ ಮೊಬೈಲಿಗೇ ಬಂತು. ಅವಳ ಒಪ್ಪಿಗೆ ಇಲ್ಲದೆ ಮಾರಬಾರದೆಂದು ಮೊಬೈಲು ಅವಳ ಕೈಗೇ ಕೊಟ್ಟೆ. ಅವ್ವ ಆರು ಅಂಕಿಗಳನ್ನು ಒಂದೊಂದಾಗಿ, ನಿಧಾನವಾಗಿ ಓದಿ ಒತ್ತಿದಳು. ಏಳುನೂರಾ ನಲವತ್ತರಂತೆ ಇನ್ನೂರೂ ಹೋದವು.

ಆ ಮಧ್ಯಾಹ್ನ ಅವ್ವ ಉಣ್ಣಲಿಲ್ಲ. ಸಂಜೆ ಕಟ್ಟೆಗೆ ಹೋಗಲಿಲ್ಲ. ಮನೆಯ ಮುಂದೆ ಟ್ರ್ಯಾಕ್ಟರ್ ಹೋಯಿತು, ಅದರಲ್ಲಿ ಪಂಪಿನ ಪೆಟ್ಟಿಗೆಗಳಿದ್ದವು. ಅವಳು ತಲೆ ಎತ್ತಲಿಲ್ಲ. ಆದರೂ ಮಾಡಿದ್ದು ಸರಿ ಎಂದು ನನಗೆ ನಾನೇ ಹತ್ತು ಸಲ ಹೇಳಿಕೊಂಡೆ. ಹತ್ತು ಸಲ ಹೇಳಿಕೊಳ್ಳಬೇಕಾಯಿತು ಎಂದರೆ ಸರಿ ಇರಲಿಲ್ಲ ಎಂದೇ ಅರ್ಥ.

ಮರುದಿನ ಸಂಜೆ ಅವ್ವ ಮೊಬೈಲು ಹಿಡಿದು ಬಂದಳು. "ಇದರಾಗ ಎರಡು ಮೆಸೇಜ್ ಬಂದಾವ ನೋಡು. ಮೋಸದ್ದೇನು?"

ಒಂದರಲ್ಲಿ ಇನ್ನೂರು ಶೇರು ಖಾತೆಯಿಂದ ಹೋಗಿವೆ ಎಂದಿತ್ತು. ಇನ್ನೊಂದರಲ್ಲಿ ಅದೇ ಕಂಪನಿಯ ಇನ್ನೂರು ಶೇರು ಖಾತೆಗೆ ಬಂದಿವೆ ಎಂದಿತ್ತು. ಖಾತೆ ತೆರೆದು ನೋಡಿದೆ. ಇನ್ನೂರು ಶೇರು ತಣ್ಣಗೆ ಕೂತಿದ್ದವು. ಮಾರಿದ ಹಣವೂ ಬಂದಿತ್ತು.

"ತಿರುಗಿ ಬಂದಾವ!" ಎಂದಳು ಅವ್ವ. ಅವಳ ಮುಖ ನೋಡಬೇಕಿತ್ತು.

ಅಣ್ಣ ಮಾತ್ರ ಕೆಂಡವಾದ. "ಕೊಂಡಾವ ತಿರುಗಿಸಿ ಕಳಿಸ್ಯಾನ! ಅವನೂ ಗೆರಿ ಬರದಿರಬೇಕು, ಬಿದ್ದದ್ದು ಕಂಡಿರಬೇಕು. ಸಂತ್ಯಾಗ ಕೊಂಡ ಎತ್ತು ಮನಿಗಿ ಒಯ್ದು, ಕುಂಟತೈತಿ ಅಂತ ಮರುದಿನ ತಂದು ಕಟ್ಟಿದ್ರ ನಡೀತೈತೇನು? ನಾಳೆ ರೊಕ್ಕಾನೂ ವಾಪಸ್ ಕೇಳತಾನ. ಮುಂಜಾನೆದ್ದು ನಡಿ, ಆಫೀಸಿಗೆ."

ನಾನು, ಗಣಿತ ಕಲಿಸುವವಳು, ಹೂಂ ಎಂದೆ. ನನಗೂ ಬೇರೆ ಏನೂ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಹೋದೆವು. ಶೇರಿನ ಆಫೀಸು ಬಸ್‌ಸ್ಟ್ಯಾಂಡಿನ ಎದುರು, ಬೀಜ ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ಒಂದು ಕಂಪ್ಯೂಟರು, ಎರಡು ಕುರ್ಚಿ, ಒಬ್ಬ ಸಮಾಧಾನದ ಮನುಷ್ಯ. ಅಣ್ಣನ ಹಳೆಯ ವಿದ್ಯಾರ್ಥಿಯೂ ಹೌದು. ಅಣ್ಣ ತನ್ನ ವಹಿಯನ್ನು ಮೇಜಿನ ಮೇಲೆ ಬಡಿದ. "ಮಾರಿದ್ದು ಮಾರಿದ್ದು. ಈ ಇನ್ನೂರು ಯಾವನ್ವೋ ಅವಂಗ ಕಳಿಸು. ನಾವು ವಾಪಸ್ ತಗೊಳ್ಳಂಗಿಲ್ಲ."

"ಏನ್ ವಾಪಸ್ ಸರ್ರ?" ಎಂದು ಅವನು ಕಂಪ್ಯೂಟರಿನಲ್ಲಿ ನೋಡಿದ. ನೋಡಿದವನು ಕುರ್ಚಿಗೆ ಒರಗಿ ನಮ್ಮಿಬ್ಬರನ್ನೂ ದಿಟ್ಟಿಸಿದ. "ಮಾರಿದ್ರ್ಯಾ? ಯಾಕ ಮಾರಿದ್ರಿ? ಗೆರಿ ಚಲೋ ಏರಾಕತ್ತಿತ್ತಲ್ರಿ."

"ಏರಾಕತ್ತಿತ್ತ? ನಮ್ಮ ಅಡಗಿಮನ್ಯಾಗ ಬಂದು ನೋಡು!"

ಅವನು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದ. ಶೇರನ್ನು ಸೂಚ್ಯಂಕದಿಂದ ಭಾಗಿಸಿದ ಗೆರೆ ಅಲ್ಲಿಯೂ ಇತ್ತು. ಪಡಸಾಲೆಯ ಆ ತಗ್ಗು, ಬಾಗಿಲಿನ ಆ ಏರು, ಸಾಂಬಾರ ಡಬ್ಬಿಗಳ ಮೇಲಿನ ಆ ಬಾಗು, ಎಲ್ಲ ಅದೇ. ಆದರೆ ಡ್ರಮ್ಮಿನ ಹಿಂದೆ ಬೀಳಲೇ ಇಲ್ಲ. ಮೇಲಕ್ಕೇ ಹೋಗಿತ್ತು, ಎರಡು ವರ್ಷದಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ.

ಅಣ್ಣ ಕಣ್ಣು ಕಿರಿದು ಮಾಡಿ ಹತ್ತಿರ ಬಗ್ಗಿದ. "ತಡಿ. ಗೆರಿ ಶುರುವಾದ ದಿನದ ಬೆಲಿ ತಗಿ."

ಅವನು ತೆಗೆದ. ಆರುನೂರು.

"ಕಳ್ಳರು!" ಅಣ್ಣ ಎದ್ದು ನಿಂತ. ವಹಿ ಬಿಚ್ಚಿ ಮೊದಲ ಪುಟ ತೋರಿಸಿದ. "ಸಾವಿರದ ಇನ್ನೂರು. ನನ್ನ ಕೈಲೆ ಬರದೇನಿ, ಪೇಪರ್ ಕತ್ತರಿಸಿ ಹಚ್ಚೇನಿ. ಹಳೇ ಬೆಲಿ ತಿದ್ದೀರಿ! ಎರಡು ವರ್ಷದ್ದು ಪೂರ್ತಿ ತಿದ್ದೀರಿ! ಇತಿಹಾಸ ಅಳಿಸೂ ಕೆಲಸ ಯಾರು ಕಲಿಸಿದ್ರೋ ನಿನಗ? ನಾನಂತೂ ಕಲಿಸಿಲ್ಲ."

ಅಣ್ಣ ಕೂಗುತ್ತಿದ್ದ. ನನಗೆ ಅದೊಂದೂ ಕೇಳಿಸುತ್ತಿರಲಿಲ್ಲ. ಸಾವಿರದ ಇನ್ನೂರು ಅಲ್ಲಿ ಆರುನೂರು. ಸಾವಿರದ ಐನೂರು ಅಲ್ಲಿ ಏಳುನೂರಾ ಐವತ್ತು. ಎಲ್ಲವೂ ಸರಿಯಾಗಿ ಅರ್ಧ. ಶೇರು ಇನ್ನೂರರ ಜೊತೆ ಇನ್ನೂರು. ಅಯ್ಯೋ ನನ್ನ ಹಾಳು ತಲೆಯೇ!

"ಒಂದಕ್ಕೆ ಒಂದು ಕೊಟ್ಟಾರ?" ಎಂದೆ.

"ಹೌದ್ರಿ ಅಕ್ಕಾರ. ಕಂಪನಿಯವರು ಇದ್ದ ಒಂದೊಂದು ಶೇರಿಗೂ ಇನ್ನೊಂದು ಬೋನಸ್ ಕೊಟ್ಟಾರ. ಶೇರು ಎರಡು ಪಟ್ಟು ಆತು, ಒಂದೊಂದರ ಬೆಲಿ ಅರ್ಧ ಆತು. ಕಂಪನಿ ಇದ್ದಷ್ಟ ಐತಿ. ಅದಕ್ಕ ಕಂಪ್ಯೂಟರ್ ಹಳೇ ಬೆಲಿನೂ ಅರ್ಧ ಮಾಡಿಕೋತೈತಿ, ಗೆರಿ ಸುಳ್ಳ ಬೀಳಬಾರದಂತ. ನೀವು ಕೈಲೆ ಬರದ್ರಿ, ನೀವೂ ಹಂಗ ಮಾಡಬೇಕಿತ್ತು. ಬೆಲಿ ಅರ್ಧ ಆಗೂ ಹಿಂದಿನ ದಿನ ಯಾರ ಹೆಸರಲೆ ಇತ್ತೋ ಅವರಿಗೆ ಬೋನಸ್ ಬರತೈತಿ, ಆಮ್ಯಾಲ ನೀವು ಮಾರಿದ್ರೂ ಬರತೈತಿ. ಅದ ಬಂದದ್ದು. ಒಂದ್ ತಿಂಗಳಿಂದ ಮೆಸೇಜ್ ಬಿಟ್ಟೇವಿ, ನೋಡಲಿಲ್ಲೇನ್ರಿ?"

ಮೊಬೈಲಿಗೆ ಇಂಗ್ಲಿಷಿನಲ್ಲಿ ಬಂದದ್ದೆಲ್ಲ ಮೋಸ, ಬಂದ ಕೂಡಲೇ ಅಳಿಸಿಬಿಡು ಎಂದು ಅವ್ವನಿಗೆ ಕಟ್ಟಪ್ಪಣೆ ಮಾಡಿದವಳು ನಾನೇ. ಅವನು ಆ ದಿನದ ಪೇಪರನ್ನೂ ತೆಗೆದು ತೋರಿಸಿದ. ನಮ್ಮಣ್ಣ ಬೆಲೆ ಕತ್ತರಿಸಿಕೊಂಡ ಅದೇ ಪುಟದಲ್ಲಿ, ನಾಲ್ಕು ಬೆರಳು ಮೇಲೆ, ಬೋನಸ್ಸಿನ ಸುದ್ದಿ ಅಚ್ಚಾಗಿತ್ತು.

ಮೀಟರಿನ ಅಳತೆಯಲ್ಲಿ ಶುರುಮಾಡಿ ನಡುವೆ ಅಡಿಗೆ ಹಾರಿದ ಹುಡುಗಿಯನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಈಗ ನಾನು ಅದನ್ನೇ ಮಾಡಿದ್ದೆ. ನಿಲ್ಲಿಸಲು ಅಲ್ಲಿ ಬೆಂಚು ಇರಲಿಲ್ಲ, ಹಾಗಾಗಿ ಕುರ್ಚಿಯಿಂದ ಎದ್ದು ನಿಂತೆ.

"ಹಂಗಾರ ನಾವು ಮಾರಿದ್ದು ಬರೇ ಅರ್ಧ?" ಎಂದ ಅಣ್ಣ ಮೆತ್ತಗಾಗಿ.

"ಅರ್ಧರಿ. ಅರ್ಧ ಉಳದೈತಿ. ಈಗ ಏಳುನೂರಾ ಎಂಬತ್ತು ನಡದೈತಿ. ಮಾರಿದ ರೊಕ್ಕದಾಗ ವಾಪಸ್ ತಗೊಂಡ್ರ ನೂರಾ ಎಂಬತ್ತೊಂಬತ್ತು ಬರತಾವ."

"ಹೋದವು ಅಪ್ಪನ ಇನ್ನೂರೋ, ಬೋನಸ್ಸಿನವೋ?" ಅಣ್ಣ ಇದ್ದಕ್ಕಿದ್ದಂತೆ ಕೇಳಿದ.

"ಮೊದಲ ಬಂದದ್ದು ಮೊದಲ ಹೋಗತೈತ್ರಿ. ಹಳೇವು ಹೋದವು. ಈಗ ಇರೂದು ಬೋನಸ್ಸಿನವು."

ದಾರಿಯಲ್ಲಿ ಅಣ್ಣ ಒಮ್ಮೆ ನಿಂತು, ಹಳೆಯ ಗೆರೆಯನ್ನೆಲ್ಲ ಅರ್ಧ ಎತ್ತರಕ್ಕೆ ಇಳಿಸಿ ಬರೆಯಬೇಕು, ಬಾಗಿಲ ದಾರ ಮೊಣಕಾಲಿಗೆ ಬರುತ್ತದೆ, ಎಲ್ಲರೂ ದಾಟಿ ಹೋಗಬೇಕಾಗುತ್ತದೆ ಎಂದ. ಹೊಸ ಬೆಲೆಯನ್ನು ದಿನಾ ಎರಡರಿಂದ ಗುಣಿಸಿದರೆ ಸಾಕು ಎಂದೆ. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಮನೆಗೆ ಬಂದರೆ ಅವ್ವ ಹೊಸ್ತಿಲಲ್ಲೇ ಕೂತಿದ್ದಳು. ಎಲ್ಲವನ್ನೂ ಹೇಳಿದೆ. ಇಪ್ಪತ್ತಾರು ವರ್ಷ ಪಾಠ ಮಾಡಿ ಯಾವ ಹುಡುಗಿಯ ಮುಂದೆಯೂ ತಪ್ಪೊಪ್ಪಿಕೊಳ್ಳದವಳು, "ನಂದ ತಪ್ಪವ್ವ. ನೀ ಕೇಳ್ರಿ ಅಂದಿ, ನಾ ಕೇಳಲಿಲ್ಲ" ಎಂದೆ. ಅಳು ಬಂತು, ತಡೆಯಲಿಲ್ಲ.

"ಹನ್ನೊಂದ ಶೇರು ಹೋದ್ವಲ್ಲ, ಹೋಗವಲ್ಯಾಕ" ಎಂದಳು ಅವ್ವ. "ನಿನಗ ಗಣಿತ ಕಲಸಾಕ ನಿಮ್ಮಪ್ಪ ಅದಕ್ಕಿಂತ ಹೆಚ್ಚ ಸುರದಾನ. ಅದೂ ಲುಕ್ಸಾನ ಆತು."

ವೈನಿ ಒಳಗಿನಿಂದ ಬಿದ್ದು ಬಿದ್ದು ನಕ್ಕಳು. ನಾನೂ ಅಳುತ್ತಲೇ ನಕ್ಕೆ. ಮಾರಿ ಬಂದ ಹಣದಲ್ಲಿ ನೂರಾ ಎಂಬತ್ತೊಂಬತ್ತು ಶೇರು ವಾಪಸ್ಸು ತೆಗೆದುಕೊಳ್ಳುವುದೆಂದು ಮಾತಾಯಿತು. ವೈನಿ ತಟ್ಟೆ ಹಾಕಿದಳು. ಅವ್ವ ಮೂರು ದಿನದಲ್ಲಿ ಮೊದಲ ಸಲ ಊಟಕ್ಕೆ ಕೂತು, ರೊಟ್ಟಿ ಮುರಿದು, ಪಲ್ಯಕ್ಕೆ ಹಚ್ಚಿ, ಬಾಯಿಗೆ ಇಡುವ ಮೊದಲು ಕೈ ನಿಲ್ಲಿಸಿದಳು.

"ಇನ್ನೂರು ಹೋದವು, ಇನ್ನೂರು ಬಂದವು ಅಂದ್ರಿ. ನಿಮ್ಮಪ್ಪ ತಂದು ಕೊಟ್ಟಾವು ಯಾವು? ಹೋದಾವೋ, ಉಳದಾವೋ?"

ಅಣ್ಣ ಬಾಯಿ ತೆರೆದ. ಸುಳ್ಳು ಹೇಳಲು ಬಾರದ ಮನುಷ್ಯ ಅವನು. ನಾನು ಮೊದಲು ಮಾತಾಡಿದೆ.

"ಅಪ್ಪನ್ವು ಉಳದಾವವ್ವ. ಹೋದದ್ದು ಕಂಪನಿಯವರು ಕೊಟ್ಟಾವು."

"ಖರೇನಾ?"

"ಖರೇನ."

ಅವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅಣ್ಣನ ಕಡೆ ತಿರುಗಿದಳು. ಅವನು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ, ಮುರಿದದ್ದನ್ನೇ ಮತ್ತೆ ಮುರಿಯುತ್ತಿದ್ದ.

"ಹಂಗಾರ ಅವನ್ನ ನಾ ಇರೂತನಾ ಮುಟ್ಟಬ್ಯಾಡ್ರಿ" ಎಂದು ಅವ್ವ ತುತ್ತು ಬಾಯಿಗಿಟ್ಟಳು.